‘ಗಣನೀಯ’ ಎಂಬ ಶಬ್ದದ ಬಲೆ
ವಿಜ್ಞಾನ ಸಮೀಕ್ಷೆಯ ಅಂಕಿಗಳನ್ನು ವರದಿಗಾರ ಓದುವುದೆಂತು?

ಕಳೆದ ಮಳೆಗಾಲದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೆನೆದ ಕೊಡೆಯನ್ನು ಜಗಲಿಯ ಮೂಲೆಗೆ ಒರಗಿಸಿ ಒಳಗೆ ಬಂದ. ಈಗ ಆತ ಪತ್ರಿಕೆಯೊಂದರ ವರದಿಗಾರ. ಶಾಲೆಯಲ್ಲಿ ಕನ್ನಡ ಪದ್ಯಗಳನ್ನು ಸೊಗಸಾಗಿ ಓದುತ್ತಿದ್ದ ಹುಡುಗ. ಗಣಿತದ ತರಗತಿಯಲ್ಲಿ ಮಾತ್ರ ಕಿಟಕಿಯಾಚೆ ನೋಡುತ್ತಿದ್ದವ. ಅವನ ಕೈಯಲ್ಲಿ ಮೂರು ಇಂಗ್ಲಿಷ್ ಲೇಖನಗಳ ಪ್ರತಿಗಳಿದ್ದವು.

“ಮಾಸ್ಟ್ರೇ, 2017ರಲ್ಲಿ ನಾನು ‘ವಿಟಮಿನ್ ಡಿ ಸೇವನೆಯಿಂದ ಶೀತ-ಜ್ವರ ಗಣನೀಯ ಇಳಿಕೆ’ ಎಂದು ಬರೆದಿದ್ದೆ. 2021ರಲ್ಲಿ ಅದನ್ನೇ ಇನ್ನೊಮ್ಮೆ ಬರೆದೆ. ಈಗ ಅದೇ ವಿಜ್ಞಾನಿಗಳ ಹೊಸ ಲೇಖನ ಬಂದಿದೆ. ‘ವಿಟಮಿನ್ ಡಿಯಿಂದ ಪ್ರಯೋಜನವಿಲ್ಲ’ ಎಂದು ಬರೆಯಬೇಕಂತೆ. ನನ್ನ ಮಾತು ನಂಬಿ ಮಕ್ಕಳಿಗೆ ಗುಳಿಗೆ ತಂದುಕೊಟ್ಟ ಮನೆಯವರಿಗೆ ಏನು ಹೇಳಲಿ?” ಎಂದ.

ನಾನು ವೈದ್ಯನಲ್ಲ. ಆದರೆ ಲೆಕ್ಕದ ಮೇಷ್ಟ್ರಾಗಿ ಅಂಕಿಗಳ ಸ್ವಭಾವ ಸ್ವಲ್ಪ ಬಲ್ಲೆ. ಇಬ್ಬರೂ ಕುಳಿತು ಆ ಮೂರು ಲೇಖನಗಳ ಸಾರಾಂಶದ ಪುಟಗಳನ್ನಷ್ಟೇ ಓದಿದೆವು. ಅಂದು ನಡೆದ ಮಾತುಕತೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಪತ್ರಿಕೆಗೆ ಬರೆಯುವವರಿಗೆ ಮಾತ್ರವಲ್ಲದೆ, ಓದಿ ಔಷಧದ ಅಂಗಡಿಗೆ ಹೋಗುವ ನಮ್ಮೆಲ್ಲರಿಗೂ ಇದರಿಂದ ಉಪಯೋಗವಾದೀತು.

ಸಮೀಕ್ಷೆ ಎಂದರೇನು?

ಮೂರೂ ಲೇಖನಗಳು ‘ಸಮೀಕ್ಷಾ ಲೇಖನ’ಗಳು. ಅಂದರೆ ಬರೆದವರು ತಾವೇ ಹೊಸದಾಗಿ ಯಾರಿಗೂ ಗುಳಿಗೆ ಕೊಟ್ಟು ನೋಡಿದ್ದಲ್ಲ. ಬೇರೆ ಬೇರೆ ದೇಶಗಳಲ್ಲಿ ಬೇರೆಯವರು ನಡೆಸಿದ ಪ್ರಯೋಗಗಳನ್ನೆಲ್ಲ ಹುಡುಕಿ, ಅವುಗಳ ಲೆಕ್ಕವನ್ನು ಒಟ್ಟುಗೂಡಿಸಿ, ಒಂದು ಉತ್ತರ ತೆಗೆದದ್ದು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಏಡ್ರಿಯನ್ ಮಾರ್ಟಿನೋ ಎಂಬವರ ಮುಂದಾಳುತನದಲ್ಲಿ ಈ ಕೆಲಸ ನಡೆಯಿತು. ಪ್ರತಿಯೊಂದು ಪ್ರಯೋಗದಲ್ಲೂ ಒಂದು ಗುಂಪಿಗೆ ವಿಟಮಿನ್ ಡಿ, ಇನ್ನೊಂದು ಗುಂಪಿಗೆ ಸಾಮಾನ್ಯವಾಗಿ ನೋಡಲು ಹಾಗೆಯೇ ಇರುವ, ಮದ್ದಿಲ್ಲದ ಗುಳಿಗೆ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ. ಬಳಿಕ ನೆಗಡಿ, ಕೆಮ್ಮು, ಕಫಜ್ವರದಂತಹ ಉಸಿರಾಟದ ಸೋಂಕು ಒಮ್ಮೆಯಾದರೂ ಯಾರಿಗೆ ಬಂತು ಎಂದು ಎಣಿಸುತ್ತಾರೆ.

2017ರ ಸಮೀಕ್ಷೆಯಲ್ಲಿ ಇಂತಹ 25 ಪ್ರಯೋಗಗಳಿದ್ದವು. ಸುಮಾರು 11,000 ಮಂದಿ. 2021ರಲ್ಲಿ ಮುಖ್ಯ ಪ್ರಶ್ನೆಗೆ 43 ಪ್ರಯೋಗಗಳ 48,488 ಮಂದಿಯ ವಿವರ ದೊರೆತಿತ್ತು. 2025ರಲ್ಲಿ ಇನ್ನೂ ಮೂರು ಪ್ರಯೋಗಗಳ 16,085 ಮಂದಿ ಇದಕ್ಕೆ ಸೇರಿಕೊಂಡರು. ಹೀಗಾಗಿ ಇವು ಪರಸ್ಪರ ಜಗಳವಾಡುವ ಮೂರು ಲೇಖನಗಳಲ್ಲ. ಒಂದೇ ಲೆಕ್ಕಪುಸ್ತಕಕ್ಕೆ ಹೊಸ ಪುಟಗಳನ್ನು ಸೇರಿಸುತ್ತಾ ಮೂರು ಬಾರಿ ಕೂಡಿಸಿದ ಮೊತ್ತ. ವರದಿಗಾರ ಮೊದಲು ತಿಳಿಯಬೇಕಾದದ್ದು ಇದು.

0.92 ಎಂದರೆ ನೂರಕ್ಕೆ ಎಂಟಲ್ಲ

ನನ್ನ ವಿದ್ಯಾರ್ಥಿ 2021ರ ಸಾರಾಂಶದಲ್ಲಿ ಒಂದು ಸಾಲಿಗೆ ಗೆರೆ ಎಳೆದಿದ್ದ. ಅದರಲ್ಲಿ ‘ಆಡ್ಸ್ ರೇಷಿಯೊ 0.92’ ಎಂದಿತ್ತು. ಪಕ್ಕದಲ್ಲಿ ಪೆನ್ಸಿಲಿನಿಂದ “ಶೇಕಡಾ 8 ಇಳಿಕೆ” ಎಂದು ಬರೆದುಕೊಂಡಿದ್ದ. ಒಂದರಿಂದ 0.92 ಕಳೆದರೆ 0.08, ಆದ್ದರಿಂದ ನೂರಕ್ಕೆ ಎಂಟು ಎಂಬುದು ಅವನ ಲೆಕ್ಕ.

ಅದೇ ಸಾಲಿನ ಹಿಂದೆ ಅದಕ್ಕಿಂತ ಸರಳವಾದ ಅಂಕಿಗಳಿದ್ದವು. ಅವನ್ನು ಅವನು ಹಾರಿಸಿಬಿಟ್ಟಿದ್ದ. ವಿಟಮಿನ್ ತೆಗೆದುಕೊಂಡ 23,364 ಮಂದಿಯಲ್ಲಿ ಸೋಂಕು ಬಂದವರು 14,332, ಅಂದರೆ ನೂರಕ್ಕೆ 61.3. ಮದ್ದಿಲ್ಲದ ಗುಳಿಗೆ ತೆಗೆದುಕೊಂಡ 22,802 ಮಂದಿಯಲ್ಲಿ ಬಂದವರು 14,217, ಅಂದರೆ ನೂರಕ್ಕೆ 62.3. ವ್ಯತ್ಯಾಸ ನೂರಕ್ಕೆ ಒಂದು!

“ಹಾಗಾದರೆ ಆ ಎಂಟು ಎಲ್ಲಿಂದ ಬಂತು ಮಾಸ್ಟ್ರೇ?” ಎಂದು ಆತ ಕೇಳಿದ.

‘ಆಡ್ಸ್’ ಎಂದರೆ ಒಟ್ಟು ಜನರಲ್ಲಿ ಎಷ್ಟು ಮಂದಿ ಎಂಬ ಪ್ರಮಾಣವಲ್ಲ. ಕಾಯಿಲೆ ಬಂದವರನ್ನು ಬಾರದವರಿಂದ ಭಾಗಿಸಿದಾಗ ಸಿಗುವ ಸಂಖ್ಯೆ ಅದು. ನೂರು ಮಂದಿಯಲ್ಲಿ 62 ಮಂದಿಗೆ ಸೋಂಕು ಬಂದರೆ ಬಾರದವರು 38. 62ನ್ನು 38ರಿಂದ ಭಾಗಿಸಿದರೆ ಸುಮಾರು 1.63. ಇದನ್ನು 0.92ರಿಂದ ಗುಣಿಸಿದರೆ 1.50. ಆಡ್ಸ್ 1.50 ಇರಬೇಕಾದರೆ ನೂರರಲ್ಲಿ 60 ಮಂದಿಗೆ ಬಂದು 40 ಮಂದಿಗೆ ಬಾರದಿರಬೇಕು. ಅಂದರೆ 62 ಇದ್ದದ್ದು 60ಕ್ಕೆ ಇಳಿಯಿತು. ನೂರರಲ್ಲಿ ಇಬ್ಬರು, ಎಂಟು ಮಂದಿಯಲ್ಲ.

ಕಾಯಿಲೆ ಅಪರೂಪದ್ದಾಗಿದ್ದರೆ, ಸಾವಿರಕ್ಕೆ ಒಬ್ಬಿಬ್ಬರಿಗೆ ಬರುವಂಥದ್ದಾಗಿದ್ದರೆ, ಆಡ್ಸಿನ ಅನುಪಾತವೂ ಅಪಾಯದ ಅನುಪಾತವೂ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಆದರೆ ನೆಗಡಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಬರುವ ಕಾಯಿಲೆ. ಅಲ್ಲಿ ಆಡ್ಸಿನ ಅಂಕಿ ಪರಿಣಾಮವನ್ನು ಹಿಗ್ಗಿಸಿ ತೋರಿಸುತ್ತದೆ.

ನೇರವಾಗಿ ಎಣಿಸಿದಾಗ ಒಂದು, 0.92ರಿಂದ ಲೆಕ್ಕ ಹಾಕಿದಾಗ ಎರಡು. ಇದೇಕೆ ಎಂದು ಚಾಣಾಕ್ಷ ಓದುಗರು ಕೇಳಿಯಾರು. ಸಮೀಕ್ಷಕರು ಎಲ್ಲ ಪ್ರಯೋಗಗಳ ಜನರನ್ನು ಒಂದೇ ರಾಶಿಗೆ ಸುರಿಯುವುದಿಲ್ಲ. ಪ್ರತಿ ಪ್ರಯೋಗದೊಳಗಿನ ವ್ಯತ್ಯಾಸವನ್ನು ಬೇರೆಯಾಗಿ ನೋಡಿ, ಒಂದೊಂದಕ್ಕೂ ತಕ್ಕ ತೂಕ ಕೊಟ್ಟು ಕೂಡಿಸುತ್ತಾರೆ. ಹಾಗೆ ಕೂಡಿಸಿದಾಗ ಸಣ್ಣ ಪ್ರಯೋಗಗಳ ಮಾತಿಗೂ ಸ್ವಲ್ಪ ಹೆಚ್ಚು ಬೆಲೆ ಬರುತ್ತದೆ. ವರದಿಗಾರನ ಮಟ್ಟಿಗೆ ಎರಡೂ ಒಂದೇ ಕತೆ ಹೇಳುತ್ತವೆ: ಲಾಭವಿದ್ದರೆ ಅದು ನೂರರಲ್ಲಿ ಒಬ್ಬಿಬ್ಬರಿಗೆ.

ಅಡಿಕೆಯ ಗೋಣಿಯಲ್ಲಿ ಕೈ

0.92ರ ಮುಂದೆ ಆವರಣದಲ್ಲಿ ‘95% CI 0.86–0.99’ ಎಂದು ಅಚ್ಚಾಗಿತ್ತು. “ಇದನ್ನು ನಾವು ಯಾವಾಗಲೂ ಬಿಟ್ಟುಬಿಡುತ್ತೇವೆ, ಓದುಗರಿಗೆ ಅರ್ಥವಾಗುವುದಿಲ್ಲವಲ್ಲ” ಎಂದ. ಬಿಡಬಾರದ್ದು ಇದನ್ನೇ ಎಂದೆ ನಾನು.

ನಮ್ಮೂರಿನವರಿಗೆ ಇದನ್ನು ತಿಳಿಸಲು ಅಡಿಕೆಯ ಗೋಣಿ ಸಾಕು. ವ್ಯಾಪಾರಿ ಗೋಣಿಯಲ್ಲಿರುವ ಅಡಿಕೆಯನ್ನೆಲ್ಲ ಒಡೆದು ನೋಡುವುದಿಲ್ಲ. ಆತ ನೂರು ಅಡಿಕೆ ತೆಗೆದು ಒಡೆದ, ಹತ್ತು ಹಾಳಾಗಿದ್ದವು ಎಂದಿಟ್ಟುಕೊಳ್ಳಿ. ಇಡೀ ಗೋಣಿಯಲ್ಲಿ ಹಾಳಾದದ್ದು ನೂರಕ್ಕೆ ಸರಿಯಾಗಿ ಹತ್ತು ಎಂದು ಆತ ಪ್ರಮಾಣ ಮಾಡಿ ಹೇಳಬಹುದೇ? ಇಲ್ಲ. ಇನ್ನೊಮ್ಮೆ ಕೈ ಹಾಕಿದರೆ ಏಳು ಸಿಗಬಹುದು, ಹದಿಮೂರೂ ಸಿಗಬಹುದು. ಲೆಕ್ಕ ಬಲ್ಲವನು “ಸುಮಾರು 5ರಿಂದ 17ರ ನಡುವೆ” ಎನ್ನುತ್ತಾನೆ. ಈ ‘ಇಷ್ಟರಿಂದ ಇಷ್ಟರ ನಡುವೆ’ ಎಂಬುದೇ ಕಾನ್ಫಿಡೆನ್ಸ್ ಇಂಟರ್ವಲ್. ಕನ್ನಡದಲ್ಲಿ ‘ವಿಶ್ವಾಸದ ವ್ಯಾಪ್ತಿ’ ಎನ್ನೋಣ. ನೂರರ ಬದಲು ನಾನೂರು ಅಡಿಕೆ ಒಡೆದು ಅದರಲ್ಲಿ ನಲ್ವತ್ತು ಹಾಳಾಗಿದ್ದರೆ ಪ್ರಮಾಣ ಅದೇ ಹತ್ತು. ಆದರೆ ವ್ಯಾಪ್ತಿ ಕಿರಿದಾಗಿ 7ರಿಂದ 13ಕ್ಕೆ ಬರುತ್ತದೆ. ವ್ಯಾಪ್ತಿಯನ್ನು ಅರ್ಧ ಮಾಡಬೇಕಾದರೆ ನಾಲ್ಕು ಪಟ್ಟು ಅಡಿಕೆ ಒಡೆಯಬೇಕು.

‘95’ ಎಂಬುದರ ಅರ್ಥ ಇಷ್ಟೆ: ನೂರು ವ್ಯಾಪಾರಿಗಳು ಅದೇ ಗೋಣಿಗೆ ಬೇರೆ ಬೇರೆಯಾಗಿ ಕೈ ಹಾಕಿ, ಇದೇ ವಿಧಾನದಿಂದ ತಮ್ಮ ತಮ್ಮ ವ್ಯಾಪ್ತಿಯನ್ನು ಬರೆದರೆ, ಸುಮಾರು 95 ಮಂದಿಯ ವ್ಯಾಪ್ತಿಯೊಳಗೆ ಗೋಣಿಯ ನಿಜವಾದ ಪ್ರಮಾಣ ಸಿಕ್ಕಿಬಿದ್ದಿರುತ್ತದೆ. ಐದು ಮಂದಿ ತಪ್ಪುತ್ತಾರೆ. ನಮ್ಮ ಕೈಯಲ್ಲಿರುವ ಚೀಟಿ ಯಾರದ್ದು ಎಂಬುದು ನಮಗೆ ತಿಳಿಯದು.

ಈಗ ವಿಟಮಿನಿಗೆ ಬರೋಣ. 0.86ರಿಂದ 0.99ರವರೆಗಿನ ವ್ಯಾಪ್ತಿಯನ್ನು ಮೊದಲಿನಂತೆಯೇ ನೂರು ಮಂದಿಯ ಲೆಕ್ಕಕ್ಕೆ ಇಳಿಸಿದೆವು. ಗುಳಿಗೆಯಿಲ್ಲದೆ 62 ಮಂದಿಗೆ ಸೋಂಕು ಬರುವಲ್ಲಿ, ಪರಿಣಾಮ 0.86ರಷ್ಟಿದ್ದರೆ 58 ಮಂದಿಗೆ ಚಿಲ್ಲರೆ, 0.99ರಷ್ಟಿದ್ದರೆ 62ಕ್ಕೆ ಕೂದಲೆಳೆ ಕಡಿಮೆ. ಅಂದರೆ ಲಾಭ ಹೆಚ್ಚೆಂದರೆ ನೂರರಲ್ಲಿ ಮೂರು-ನಾಲ್ಕು ಮಂದಿಗೆ. ಕಡಿಮೆಯೆಂದರೆ ಸುಮಾರು ನಾನೂರರಲ್ಲಿ ಒಬ್ಬನಿಗೆ. ಪ್ರಯೋಗಗಳು ಹೇಳಿದ್ದು ಇಷ್ಟು. ‘ಶೇಕಡಾ 8 ಇಳಿಕೆ’ ಎಂಬ ಒಂಟಿ ಅಂಕಿಯಲ್ಲಿ ಇದಾವುದೂ ಕಾಣುವುದಿಲ್ಲ.

ಈ ಅನುಪಾತಗಳನ್ನು ಓದುವಾಗ ಒಂದು ಎಂಬ ಸಂಖ್ಯೆಯ ಮೇಲೆ ಕಣ್ಣಿರಬೇಕು. ಅನುಪಾತ 1 ಎಂದರೆ ಎರಡೂ ಗುಂಪುಗಳು ಸರಿಸಮ, ಗುಳಿಗೆಯಿಂದ ಏನೂ ಆಗಲಿಲ್ಲ ಎಂದರ್ಥ. ವ್ಯಾಪ್ತಿಯ ಎರಡೂ ತುದಿ ಒಂದಕ್ಕಿಂತ ಕೆಳಗಿದ್ದರೆ ‘ಸ್ಟ್ಯಾಟಿಸ್ಟಿಕಲಿ ಸಿಗ್ನಿಫಿಕೆಂಟ್’ ಎನ್ನುತ್ತಾರೆ. ನನ್ನ ವಿದ್ಯಾರ್ಥಿ ಎಡವಿದ್ದು ಈ ಶಬ್ದದ ಮೇಲೆಯೇ.

ನಿಘಂಟು ಮಾಡಿದ ಮೋಸ

ಇಂಗ್ಲಿಷಿನ ‘ಸಿಗ್ನಿಫಿಕೆಂಟ್’ ಶಬ್ದಕ್ಕೆ ನಿಘಂಟು ತೆರೆದರೆ ಗಣನೀಯ, ಮಹತ್ವದ, ಗಮನಾರ್ಹ ಎಂಬ ಅರ್ಥಗಳು ಸಿಗುತ್ತವೆ. ಸುದ್ದಿಮನೆಯ ಅವಸರದಲ್ಲಿ ‘ಗಣನೀಯ ಇಳಿಕೆ’ ಎಂದು ಕೈ ತಾನಾಗಿ ಬರೆದುಬಿಡುತ್ತದೆ. ಆದರೆ ಸಂಖ್ಯಾಶಾಸ್ತ್ರದಲ್ಲಿ ಆ ಶಬ್ದಕ್ಕೆ ದೊಡ್ಡದು ಎಂಬ ಅರ್ಥವೇ ಇಲ್ಲ. ‘ಗುಳಿಗೆಯಿಂದ ಏನೂ ಆಗದಿದ್ದರೆ ಇಷ್ಟು ವ್ಯತ್ಯಾಸ ಬರಿಯ ಆಕಸ್ಮಿಕದಿಂದ ಕಾಣಿಸುವುದು ಅಪರೂಪ’ ಎಂಬಷ್ಟೇ ಅದರ ಅರ್ಥ. ವ್ಯತ್ಯಾಸ ಎಷ್ಟು ಚಿಕ್ಕದಿದ್ದರೂ ಸಾಕಷ್ಟು ಸಾವಿರ ಜನರನ್ನು ಎಣಿಸಿದರೆ ಆ ಬಿರುದು ಸಿಗುತ್ತದೆ. ನೂರಕ್ಕೆ ಒಂದರ ಇಳಿಕೆಗೆ 2021ರಲ್ಲಿ ಸಿಕ್ಕಿತ್ತು; ಅದು ಕನ್ನಡದ ಅರ್ಥದಲ್ಲಿ ‘ಗಣನೀಯ’ವೇ ಎಂದು ಓದುಗರೇ ಹೇಳಲಿ.

ಈಗ 2025ರ ಸಾಲು ನೋಡಿ: ಅನುಪಾತ 0.94, ವ್ಯಾಪ್ತಿ 0.88ರಿಂದ 1.00, ‘ಪಿ’ 0.057. ವ್ಯಾಪ್ತಿಯ ಮೇಲಿನ ತುದಿ ಒಂದನ್ನು ಮುಟ್ಟಿತು. ಹಾಗಾಗಿ ‘ಸಿಗ್ನಿಫಿಕೆಂಟ್ ಅಲ್ಲ’ ಎಂದು ಬರೆದರು.

‘ಪಿ’ ಎಂಬುದು ಸಂಭವನೀಯತೆಯ ಒಂದು ಅಳತೆ. ಗುಳಿಗೆಯಿಂದ ಏನೂ ಆಗುವುದಿಲ್ಲ ಎಂದೇ ಇಟ್ಟುಕೊಂಡರೆ, ಈಗ ಕಂಡಷ್ಟು ಅಥವಾ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಬರಿಯ ಆಕಸ್ಮಿಕದಿಂದ ಕಾಣಿಸುವ ಸಂಭವ ನೂರಕ್ಕೆ 5.7 ಎಂದು ಅದು ಹೇಳುತ್ತದೆ. ‘ಗುಳಿಗೆ ಕೆಲಸ ಮಾಡದಿರುವ ಸಂಭವ ನೂರಕ್ಕೆ 5.7’ ಎಂದು ಓದಿದರೆ ಅದು ತಪ್ಪು. ಮಳೆ ಬಂದರೆ ಅಂಗಳ ಒದ್ದೆಯಾಗುವುದು ಖಂಡಿತ. ಆದರೆ ಅಂಗಳ ಒದ್ದೆಯಾಗಿದೆ ಎಂದ ಮಾತ್ರಕ್ಕೆ ಮಳೆ ಬಂದಿತ್ತು ಎನ್ನಲಾಗದು, ಯಾರೋ ನೀರು ಚೆಲ್ಲಿರಲೂಬಹುದು. ಎರಡೂ ಮಾತುಗಳು ಒಂದೇ ಅಲ್ಲ.

ಪಿ 0.05ಕ್ಕಿಂತ ಕೆಳಗಿದ್ದರೆ ‘ಸಿಗ್ನಿಫಿಕೆಂಟ್’, ಮೇಲಿದ್ದರೆ ಅಲ್ಲ ಎಂಬುದು ರೂಢಿ. ಈ ಗೆರೆಯನ್ನು ಬಳಕೆಗೆ ತಂದವರು ಇಂಗ್ಲೆಂಡಿನ ರೊನಾಲ್ಡ್ ಫಿಶರ್, 1925ರ ತಮ್ಮ ಪುಸ್ತಕದಲ್ಲಿ. ಅದೂ ಒಂದು ಅನುಕೂಲದ ಗಡಿಯೆಂದು. ಅದು ಪ್ರಕೃತಿ ಎಳೆದ ಗೆರೆಯಲ್ಲ. ಪಿ ಒಂದು ಗೆರೆಯನ್ನು ದಾಟಿತೋ ಇಲ್ಲವೋ ಎಂಬುದೊಂದರಿಂದಲೇ ತೀರ್ಮಾನಕ್ಕೆ ಬರಬಾರದೆಂದು ಅಮೆರಿಕದ ಸಂಖ್ಯಾಶಾಸ್ತ್ರ ಸಂಘವು 2016ರಲ್ಲಿ ಹೇಳಿಕೆಯನ್ನೇ ಹೊರಡಿಸಿತು.

ಮೂರು ವ್ಯಾಪ್ತಿಗಳನ್ನು ಒಂದರ ಕೆಳಗೊಂದು ಬರೆಯಲು ಹೇಳಿದೆ. ಆತ ಕಾಗದದಲ್ಲಿ ಹೀಗೆ ಬರೆದ:

2017: 0.88 (0.81ರಿಂದ 0.96)
2021: 0.92 (0.86ರಿಂದ 0.99)
2025: 0.94 (0.88ರಿಂದ 1.00)

ಬರೆದವನು ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. “ಇದರಲ್ಲಿ ತಲೆಕೆಳಗಾದದ್ದು ಏನೂ ಇಲ್ಲವಲ್ಲ ಮಾಸ್ಟ್ರೇ! ಮೂರೂ ಒಂದರ ಮೇಲೊಂದು ಕುಳಿತಿವೆ” ಎಂದ. ಹೌದು. 2021ಕ್ಕೂ 2025ಕ್ಕೂ ನಡುವೆ ಅನುಪಾತ ಸರಿದದ್ದು 0.02ರಷ್ಟು ಮಾತ್ರ. ನೂರು ಮಂದಿಯ ಲೆಕ್ಕದಲ್ಲಿ ಇಬ್ಬರಿಗಿದ್ದ ಲಾಭ ಒಂದೂವರೆಗೆ ಇಳಿಯಿತು. ಆದರೆ ಗೆರೆಯ ಆಚೆ-ಈಚೆ ಎಂಬ ಕಾರಣಕ್ಕೆ ಒಂದು ಸಲ ‘ಗಣನೀಯ ಇಳಿಕೆ’, ಇನ್ನೊಂದು ಸಲ ‘ಪ್ರಯೋಜನವಿಲ್ಲ’. ತಲೆಕೆಳಗಾದದ್ದು ವಿಜ್ಞಾನವಲ್ಲ, ನಮ್ಮ ತಲೆಬರಹ.

ಗೋಣಿಯ ಬಾಯಲ್ಲಿ ಒಳ್ಳೆಯ ಅಡಿಕೆ

ಆದರೂ ಆ ಮೂರು ಸಾಲುಗಳಲ್ಲಿ ನಿಜವಾದ ಸುದ್ದಿಯೊಂದಿದೆ. ಜನ ಹೆಚ್ಚಿದಂತೆ ಅನುಪಾತ ಒಂದರ ಕಡೆಗೆ ಸರಿಯುತ್ತಲೇ ಬಂದಿದೆ. ಇದೇಕೆ?

ಮತ್ತೆ ಗೋಣಿಗೆ ಹೋಗೋಣ. ವಿಶ್ವಾಸದ ವ್ಯಾಪ್ತಿ ಅಳೆಯುವುದು ಕೈಗೆ ಸಿಕ್ಕಿದ ಅಡಿಕೆಯ ಆಕಸ್ಮಿಕವನ್ನು ಮಾತ್ರ. ಮಾರುವವನು ಒಳ್ಳೆಯದನ್ನೆಲ್ಲ ಗೋಣಿಯ ಬಾಯಿಗೆ ಹರಡಿ, ಹಾಳಾದದ್ದನ್ನು ತಳದಲ್ಲಿಟ್ಟಿದ್ದರೆ ಆ ಮೋಸ ಯಾವ ವ್ಯಾಪ್ತಿಯಲ್ಲೂ ಕಾಣದು. ಪ್ರಯೋಗಗಳಲ್ಲೂ ಹೀಗಾಗುತ್ತದೆ, ಮೋಸದ ಉದ್ದೇಶವೇ ಬೇಕೆಂದಿಲ್ಲ. ‘ಮದ್ದು ಕೆಲಸ ಮಾಡಿತು’ ಎಂಬ ಸಣ್ಣ ಪ್ರಯೋಗ ಬೇಗ ಅಚ್ಚಾಗುತ್ತದೆ. ‘ಏನೂ ಆಗಲಿಲ್ಲ’ ಎಂಬ ಸಣ್ಣ ಪ್ರಯೋಗ ಯಾರದೋ ಮೇಜಿನ ಖಾನೆಯಲ್ಲಿ ಉಳಿದುಬಿಡುತ್ತದೆ. ಇದನ್ನು ಪತ್ತೆ ಹಚ್ಚಲು ಸಮೀಕ್ಷಕರು ಸಣ್ಣ-ದೊಡ್ಡ ಪ್ರಯೋಗಗಳ ಫಲಿತಾಂಶಗಳನ್ನು ಒಂದು ಚಿತ್ರದಲ್ಲಿ ಚುಕ್ಕಿಗಳಾಗಿ ಇಡುತ್ತಾರೆ. ಎಲ್ಲವೂ ಬೆಳಕಿಗೆ ಬಂದಿದ್ದರೆ ಚುಕ್ಕಿಗಳು ಆಲಿಕೆಯ ಆಕಾರದಲ್ಲಿ ಎರಡೂ ಕಡೆ ಸಮನಾಗಿ ಹರಡಿರಬೇಕು. 2021ರ ಸಮೀಕ್ಷೆಯಲ್ಲಿ ಒಂದು ಕಡೆ ವಾಲಿತ್ತು ಎಂದು ಬರೆದವರೇ ಪ್ರಾಮಾಣಿಕವಾಗಿ ಹೇಳಿದ್ದಾರೆ. ಅಂತಹ ಮಾತು ಸಾರಾಂಶದ ಕೊನೆಗೋ ಲೇಖನದ ಒಳಪುಟಗಳಲ್ಲೋ ಇರುತ್ತದೆ. ವರದಿಗಾರ ಅಲ್ಲಿಯವರೆಗೆ ಓದಬೇಕು.

ಇನ್ನೊಂದು ಎಚ್ಚರ, ಒಳಗುಂಪುಗಳ ವಿಷಯದಲ್ಲಿ. 2017ರ ಲೇಖನದಲ್ಲಿ ಎಲ್ಲರ ಕಣ್ಣು ಕುಕ್ಕಿದ ಅಂಕಿ 0.88 ಅಲ್ಲ, 0.30. ರಕ್ತದಲ್ಲಿ ವಿಟಮಿನ್ ಡಿ ತೀರಾ ಕಡಿಮೆಯಿದ್ದು, ದಿನವೂ ಅಥವಾ ವಾರಕ್ಕೊಮ್ಮೆ ಗುಳಿಗೆ ತೆಗೆದುಕೊಂಡವರ ಗುಂಪಿನ ಅಂಕಿ ಅದು, ವ್ಯಾಪ್ತಿ 0.17ರಿಂದ 0.53. ‘ಕೊರತೆಯುಳ್ಳವರಿಗೆ ಭಾರೀ ರಕ್ಷಣೆ’ ಎಂದು ನನ್ನ ವಿದ್ಯಾರ್ಥಿಯೂ ಬರೆದಿದ್ದ. 2021ರಲ್ಲಿ ಹೆಚ್ಚು ಜನರನ್ನು ಸೇರಿಸಿ ರಕ್ತದ ಮಟ್ಟಕ್ಕನುಸಾರ ಗುಂಪು ಮಾಡಿದಾಗ ಯಾವ ಗುಂಪಿನಲ್ಲೂ ಗೆರೆ ದಾಟುವ ಪರಿಣಾಮ ಕಾಣಲಿಲ್ಲ. ಅದರ ಬದಲು ದಿನವೂ ತೆಗೆದುಕೊಂಡವರಲ್ಲಿ, ಒಂದರಿಂದ ಹದಿನೈದು ವರ್ಷದ ಮಕ್ಕಳಲ್ಲಿ ಪರಿಣಾಮ ಕಂಡಿತು. 2025ರಲ್ಲಿ ವಯಸ್ಸು, ರಕ್ತದ ಮಟ್ಟ, ಗುಳಿಗೆಯ ಪ್ರಮಾಣ, ಎಷ್ಟು ದಿನಕ್ಕೊಮ್ಮೆ ಎಂಬ ಯಾವುದರಿಂದಲೂ ಪರಿಣಾಮ ಬದಲಾಗುತ್ತದೆಂಬ ಸಾಕ್ಷ್ಯ ಸಿಗಲಿಲ್ಲ. ಒಂದೇ ರಾಶಿಯನ್ನು ಇಪ್ಪತ್ತು ಬಗೆಯಲ್ಲಿ ಪಾಲು ಮಾಡಿ ನೋಡಿದರೆ ಯಾವುದಾದರೊಂದು ಪಾಲು ಆಕಸ್ಮಿಕವಾಗಿಯೇ ಹೊಳೆಯುತ್ತದೆ. ಒಳಗುಂಪಿನ ಹೊಳಪು ಮುಂದಿನ ಲೆಕ್ಕದಲ್ಲೂ ಉಳಿಯುತ್ತದೆಯೇ ಎಂದು ಕಾದು ನೋಡಬೇಕು. ಇಲ್ಲಿ ಉಳಿಯಲಿಲ್ಲ.

ಕೊನೆಗೆ ಬರೆದದ್ದು

ಗಂಟೆ ಎಂಟಾಗಿತ್ತು. ಮನೆಯವರು ಎರಡನೆಯ ಸಲ ಚಾ ತಂದಿಟ್ಟರು. ನನ್ನ ವಿದ್ಯಾರ್ಥಿ ಮೊದಲಿನ ತಲೆಬರಹ ಹೊಡೆದುಹಾಕಿ ಹೀಗೆ ಬರೆದ:

“ನೆಗಡಿ-ಕೆಮ್ಮು ತಡೆಯುವಲ್ಲಿ ವಿಟಮಿನ್ ಡಿ: ಲಾಭವಿದ್ದರೆ ಬಲು ಅಲ್ಪ. 61,589 ಮಂದಿಯ ವಿವರಗಳನ್ನೊಳಗೊಂಡ 40 ಪ್ರಯೋಗಗಳ ಸಮೀಕ್ಷೆಯು 2025ರಲ್ಲಿ ಪ್ರಕಟವಾಗಿದೆ. ನೂರು ಮಂದಿಯಲ್ಲಿ 62 ಮಂದಿಗೆ ಸೋಂಕು ತಗಲುವಲ್ಲಿ, ವಿಟಮಿನ್ ಡಿ ತೆಗೆದುಕೊಂಡರೆ ಒಬ್ಬಿಬ್ಬರಿಗೆ ಅದು ತಪ್ಪಬಹುದು. ಮೂವರಿಗೆ ತಪ್ಪುವ, ಯಾರಿಗೂ ತಪ್ಪದಿರುವ ಸಾಧ್ಯತೆಗಳೆರಡೂ ಲೆಕ್ಕದೊಳಗೇ ಇವೆ. ಹಿಂದಿನ ಎರಡು ಸಮೀಕ್ಷೆಗಳ ಅಂಕಿಗಳೂ ಇದಕ್ಕೆ ಸಮೀಪವಾಗಿಯೇ ಇದ್ದವು; ಆದರೆ ಹೆಚ್ಚು ಜನರನ್ನು ಎಣಿಸಿದಂತೆ ಲಾಭ ಕಿರಿದಾಗುತ್ತ ಬಂದಿದೆ. ಗುಳಿಗೆಯಿಂದ ಗಂಭೀರ ತೊಂದರೆ ಹೆಚ್ಚಿದ್ದು ಕಂಡುಬಂದಿಲ್ಲ. ಮೂಳೆಯ ಕಾಯಿಲೆಗಾಗಿ ಅಥವಾ ಕೊರತೆಗಾಗಿ ವೈದ್ಯರು ಕೊಟ್ಟ ವಿಟಮಿನ್ ಡಿಯ ಪ್ರಶ್ನೆಯೇ ಬೇರೆ. ಈ ಸಮೀಕ್ಷೆ ಅದನ್ನು ಪರಿಶೀಲಿಸಿಲ್ಲ.”

ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ: “ಇದೇ ವಿಷಯದ ಬಗ್ಗೆ ಹಿಂದೆ ಈ ಲೇಖಕ ಬರೆದ ವರದಿಗಳಲ್ಲಿ ‘ಗಣನೀಯ’ ಎಂಬ ಶಬ್ದವನ್ನು ತಪ್ಪಾಗಿ ಬಳಸಲಾಗಿತ್ತು.”

“ಸಂಪಾದಕರು ಈ ಕೊನೆಯ ಸಾಲನ್ನು ಇಡುತ್ತಾರೋ ಇಲ್ಲವೋ” ಎಂದು ಕೊಡೆ ಬಿಡಿಸಿಕೊಂಡು ಹೊರಟ. ಮರುವಾರ ಪತ್ರಿಕೆ ಬಂದಾಗ ನಾನು ಮೊದಲು ನೋಡಿದ್ದು ಅದನ್ನೇ. ಸಾಲು ಇತ್ತು.